ಸೆನ್ಸರ್ ಹೇಳಿದ್ದೇ ವೇಗ

ಕನ್ವೇಯರ್ ಬೆಲ್ಟ್ ಎಳೆಯುವ ಒಂದು ಡಿಸಿ ಮೋಟಾರ್ ಇದೆ ಅನ್ನಿ. ಒಂದು ವೋಲ್ಟ್ ಕೊಟ್ಟರೆ ಅದು 100 ಆರ್‌ಪಿಎಂ, ಅಂದರೆ ನಿಮಿಷಕ್ಕೆ 100 ಸುತ್ತು ತಿರುಗುತ್ತದೆ. ಅದಕ್ಕೆ ಕೊಡಬಹುದಾದದ್ದು ಹೆಚ್ಚೆಂದರೆ 24 ವೋಲ್ಟ್. ಆಗ 2400 ಆರ್‌ಪಿಎಂ. ಮೋಟಾರಿಗೆ ಕರೆಂಟು ಕೊಡುವ ಡ್ರೈವ್ ತನ್ನೊಳಗೆ ಬಂದ ವೋಲ್ಟೇಜನ್ನು 40 ಪಟ್ಟು ಹಿಗ್ಗಿಸಿ ಮುಂದಕ್ಕೆ ಕಳಿಸುತ್ತದೆ. ಈ ಇಡೀ ವ್ಯವಸ್ಥೆಗೆ ನಾವು ಕೊಟ್ಟ ಆಜ್ಞೆ 5 ವೋಲ್ಟ್. ಗುಣಿಸಿ ನೋಡಿದರೆ 5 × 40 × 100, ಅಂದರೆ 20,000 ಆರ್‌ಪಿಎಂ. ಮೋಟಾರು ಓಡುತ್ತಿರುವುದು ಮಾತ್ರ 952ರಲ್ಲಿ.

ಗುಣಾಕಾರದಲ್ಲಿ ತಪ್ಪಿಲ್ಲ. ಚಿತ್ರವನ್ನು ಅರ್ಧಕ್ಕೇ ಓದಿ ನಿಲ್ಲಿಸಿದ್ದೇವೆ, ಅಷ್ಟೆ. ಪೂರ್ತಿ ಚಿತ್ರ ಹೀಗಿದೆ:

```
R --->(+)--- E --->[ C ]--- U --->[ P ]---+---> Y
      (-)                                 |
       ^                                  |
       +------- B -------[ H ]<-----------+
```

ಇದು ಬ್ಲಾಕ್ ಡಯಾಗ್ರಾಮ್. ಇದರಲ್ಲಿ ಪೆಟ್ಟಿಗೆಗಳಿವೆ, ಬಾಣಗಳಿವೆ, ಎಡತುದಿಯಲ್ಲಿ ಒಂದು ವೃತ್ತವಿದೆ. ಬಾಣವನ್ನು ತಂತಿ ಎಂದು ತಿಳಿಯಬಾರದು. ಅದು ಒಂದು ಸಂಕೇತ, ಅಳೆಯಬಹುದಾದ ಒಂದು ಪ್ರಮಾಣ. ಅದು ವೋಲ್ಟೇಜ್ ಆಗಿರಬಹುದು, ವೇಗವಾಗಿರಬಹುದು, ಉಷ್ಣತೆಯೂ ಆಗಿರಬಹುದು. ಪೆಟ್ಟಿಗೆಯ ಕೆಲಸ ಒಂದೇ: ಒಳಗೆ ಬಂದದ್ದನ್ನು ತನ್ನ ಗೇನ್‌ನಿಂದ ಗುಣಿಸಿ ಹೊರಗೆ ಕಳಿಸುವುದು. ವೃತ್ತ ಕೂಡುತ್ತದೆ ಅಥವಾ ಕಳೆಯುತ್ತದೆ. ಯಾವುದೆಂದು ಅದರ ಪಕ್ಕದ ಚಿಹ್ನೆ ಹೇಳುತ್ತದೆ. ಬಲಗಡೆ ಗೆರೆ ಕವಲೊಡೆಯುವ ಜಾಗದಲ್ಲಿ ಸಂಕೇತ ಹಂಚಿಹೋಗುವುದಿಲ್ಲ. ಎರಡೂ ಕವಲುಗಳಲ್ಲಿ ಪೂರ್ತಿ Y ಹರಿಯುತ್ತದೆ. ಹೊಸದಾಗಿ ಓದುವವರು ಅಲ್ಲಿ ಅರ್ಧರ್ಧ ಮಾಡಿಬಿಡುವುದುಂಟು.

ನಮ್ಮ ಲೆಕ್ಕದಲ್ಲಿ C ಎಂದರೆ ಕಂಟ್ರೋಲರ್, ಅಂದರೆ 40 ಪಟ್ಟು ಹಿಗ್ಗಿಸುವ ಡ್ರೈವ್. P ಎಂದರೆ ಪ್ಲಾಂಟ್, ನಾವು ಹತೋಟಿಯಲ್ಲಿಡಬೇಕಾದ ಯಂತ್ರ. ಇಲ್ಲಿ ವೋಲ್ಟಿಗೆ 100 ಆರ್‌ಪಿಎಂ ಕೊಡುವ ಮೋಟಾರು. H ಎಂದರೆ ಸೆನ್ಸರ್. ಮೋಟಾರಿನ ಶಾಫ್ಟಿಗೆ ಜೋಡಿಸಿದ ಟ್ಯಾಕೊಜನರೇಟರ್ ಎಂಬ ಪುಟ್ಟ ಡೈನಮೊ ಅದು. ಶಾಫ್ಟ್ 1000 ಆರ್‌ಪಿಎಂನಲ್ಲಿ ತಿರುಗಿದರೆ ಅದು 5 ವೋಲ್ಟ್ ಕೊಡುತ್ತದೆ. ಅಲ್ಲಿಗೆ ಅದರ ಗೇನ್ ಒಂದು ಆರ್‌ಪಿಎಂಗೆ 0.005 ವೋಲ್ಟ್. ನಾವು ಕೊಡುವ ಆಜ್ಞೆ R. ಡ್ರೈವ್ ಮೋಟಾರಿಗೆ ಕೊಡುವ ವೋಲ್ಟೇಜ್ U. ಮೋಟಾರಿನ ವೇಗ Y. ಟ್ಯಾಕೊ ವರದಿ B. ಎರಡರ ವ್ಯತ್ಯಾಸ E. ಡ್ರೈವಿಗೆ ಹೋಗುವುದು ನಮ್ಮ 5 ವೋಲ್ಟ್ ಅಲ್ಲ, ಈ ವ್ಯತ್ಯಾಸ. ಮೊದಲ ಲೆಕ್ಕ ಕೆಟ್ಟದ್ದು ಇಲ್ಲೇ.

ಚಿತ್ರವನ್ನು ಸಮೀಕರಣವಾಗಿ ಬರೆದುಕೊಳ್ಳುವುದು ಸುಲಭ. ವೃತ್ತಕ್ಕೊಂದು ಸಾಲು, ಮೇಲಿನ ದಾರಿಗೊಂದು, ಕೆಳಗಿನದಕ್ಕೊಂದು:

```
E = R - B
Y = C × P × E
B = H × Y
```

ನಮಗೆ ಬೇಕಾದದ್ದು R ಮತ್ತು Y ನಡುವಿನ ಸಂಬಂಧ; E ಮತ್ತು B ನಡುವಿನಿಂದ ಜಾರಿಕೊಳ್ಳಬೇಕು. ಎರಡನೆಯ ಸಾಲಿನಲ್ಲಿ E ಇರುವಲ್ಲಿ R − HY ಎಂದು ಬರೆಯಿರಿ. ಈಗ Y ಸಮಚಿಹ್ನೆಯ ಎರಡೂ ಕಡೆ ಕಾಣಿಸಿಕೊಳ್ಳುತ್ತದೆ. ವೇಗವನ್ನು ನಿರ್ಧರಿಸುವುದರಲ್ಲಿ ಆ ವೇಗಕ್ಕೇ ಒಂದು ಪಾಲಿರುವುದರಿಂದ ಅದು ಹಾಗೆ ಬರಲೇಬೇಕು. Y ಇರುವ ಪದಗಳನ್ನೆಲ್ಲ ಎಡಕ್ಕೆ ತಂದು ಭಾಗಿಸಿದರೆ ಇಡೀ ವ್ಯವಸ್ಥೆಯ ಗೇನ್ ಸಿಗುತ್ತದೆ:

```
Y / R = C P / (1 + C P H)
```

ಮೇಲಿರುವುದು ಆಜ್ಞೆಯಿಂದ ಫಲಿತದವರೆಗೆ ನೇರ ದಾರಿಯ ಗುಣಾಕಾರ. ಕೆಳಗಿರುವ CPH ಎಂದರೆ ಒಂದು ಸುತ್ತು ಪೂರ್ತಿ ಹೋಗಿಬಂದಾಗ ಸಿಗುವ ಗುಣಾಕಾರ, ಅದರ ಹೆಸರು ಲೂಪ್ ಗೇನ್. ವೃತ್ತದಲ್ಲಿ ಕಳೆಯುವ ಚಿಹ್ನೆ ಇದ್ದರೆ ಕೆಳಗೆ ಕೂಡುವ ಚಿಹ್ನೆ ಬರುತ್ತದೆ. ಈ ಅದಲುಬದಲು ಬಾಯಿಪಾಠ ಮಾಡುವವರನ್ನು ಸದಾ ಕಾಡುತ್ತದೆ. ಮೂರು ಸಾಲು ಬರೆದುಕೊಳ್ಳುವವರಿಗೆ ಆ ತೊಂದರೆಯಿಲ್ಲ.

ನಮ್ಮ ಸಂಖ್ಯೆಗಳನ್ನು ಹಾಕೋಣ. CP ಎಂದರೆ 4000, ವೋಲ್ಟಿಗೆ ಇಷ್ಟು ಆರ್‌ಪಿಎಂ ಎಂಬ ಲೆಕ್ಕದಲ್ಲಿ. ಅದನ್ನು 0.005ರಿಂದ ಗುಣಿಸಿದರೆ ಲೂಪ್ ಗೇನ್ 20. ಇದಕ್ಕೆ ಯಾವ ಏಕಮಾನವೂ ಇಲ್ಲ: ವೋಲ್ಟಾಗಿ ಹೊರಟ ಸಂಕೇತ ಮೋಟಾರಿನಲ್ಲಿ ವೇಗವಾಗಿ, ಟ್ಯಾಕೊದಲ್ಲಿ ಮತ್ತೆ ವೋಲ್ಟಾಗಿ ಮರಳಿದೆ. ಲೂಪ್ ಗೇನ್‌ಗೆ ಏಕಮಾನ ಅಂಟಿಕೊಂಡೇ ಉಳಿದರೆ ಯಾವುದೋ ಪೆಟ್ಟಿಗೆಯನ್ನು ಬಿಟ್ಟಿದ್ದೀರಿ, ಇಲ್ಲವೇ ತಲೆಕೆಳಗು ಹಾಕಿದ್ದೀರಿ ಎಂದು ಗೊತ್ತಾಗುತ್ತದೆ. 4000ವನ್ನು 21ರಿಂದ ಭಾಗಿಸಿದರೆ 190.5. 5 ವೋಲ್ಟ್ ಆಜ್ಞೆಗೆ 952.4 ಆರ್‌ಪಿಎಂ.

ಉತ್ತರ ಸರಿಯೇ ಎಂದು ಚಿತ್ರದ ಸುತ್ತ ಒಮ್ಮೆ ನಡೆದು ನೋಡಬಹುದು. 952.4 ಆರ್‌ಪಿಎಂಗೆ ಟ್ಯಾಕೊ ಕೊಡುವುದು 4.762 ವೋಲ್ಟ್. 5ರಿಂದ ಅದನ್ನು ಕಳೆದರೆ 0.238. ಅದರ 40 ಪಟ್ಟು 9.52 ವೋಲ್ಟ್. ಅಷ್ಟು ಕೊಟ್ಟರೆ ಮೋಟಾರು 952 ಆರ್‌ಪಿಎಂನಲ್ಲಿ ಓಡುತ್ತದೆ. ಹೊರಟಲ್ಲಿಗೇ ಬಂದೆವು.

ಆದರೆ ಟ್ಯಾಕೊ ಲೆಕ್ಕದಲ್ಲಿ 5 ವೋಲ್ಟ್ ಎಂದರೆ 1000 ಆರ್‌ಪಿಎಂ, ನಾವು ಬಯಸಿದ್ದು ಅಷ್ಟು. 48ರಷ್ಟು ಕೊರತೆ ಏಕೆ? ವ್ಯತ್ಯಾಸ ಪೂರ್ತಿ ಸೊನ್ನೆಯಾದರೆ ಡ್ರೈವಿನಿಂದಲೂ ಸೊನ್ನೆಯೇ ಬರುತ್ತದೆ, ಮೋಟಾರು ನಿಲ್ಲುತ್ತದೆ. ಓಡುತ್ತಿರಬೇಕಾದರೆ ಒಂದಿಷ್ಟು ವ್ಯತ್ಯಾಸ ಉಳಿದಿರಲೇಬೇಕು. C ದೊಡ್ಡದಾದಷ್ಟೂ ಆ ಉಳಿಕೆ ಚಿಕ್ಕದು. 40ರ ಬದಲು 400 ಇಟ್ಟರೆ ಲೂಪ್ ಗೇನ್ 200, ವೇಗ 995.

ಈ ಸೂತ್ರದ ನಿಜವಾದ ರುಚಿ ಇರುವುದು ಯಾವುದಾದರೂ ಪೆಟ್ಟಿಗೆ ಕೈಕೊಟ್ಟಾಗ ಏನಾಗುತ್ತದೆ ಎಂದು ಕೇಳುವುದರಲ್ಲಿ. ಬೆಲ್ಟಿನ ಮೇಲೆ ಹೊರೆ ಬಿದ್ದು, ಮೋಟಾರು ವೋಲ್ಟಿಗೆ 100ರ ಬದಲು 80 ಆರ್‌ಪಿಎಂ ಮಾತ್ರ ಕೊಡತೊಡಗಿತು ಎಂದಿಟ್ಟುಕೊಳ್ಳಿ. ಟ್ಯಾಕೊ ಇಲ್ಲದೆ ನೇರವಾಗಿ 9.52 ವೋಲ್ಟ್ ಕೊಟ್ಟು ಓಡಿಸುತ್ತಿದ್ದರೆ ವೇಗ ಶೇ. 20ರಷ್ಟು ಕುಸಿದು 762ಕ್ಕೆ ಇಳಿಯುತ್ತಿತ್ತು. ಲೂಪ್ ಇದ್ದರೆ? CP ಈಗ 3200, ಲೂಪ್ ಗೇನ್ 16. 3200ನ್ನು 17ರಿಂದ ಭಾಗಿಸಿ 5ರಿಂದ ಗುಣಿಸಿದರೆ 941. ಶೇ. 20ರ ಕುಸಿತ ಶೇ. 1.2ಕ್ಕೆ ಇಳಿದಿದೆ. P ಮೇಲೆಯೂ ಇದೆ, ಕೆಳಗೂ ಇದೆ. ಲೂಪ್ ಗೇನ್ ಮುಂದೆ ಆ 1 ಸಣ್ಣದಾದಾಗ ಮೇಲಿನ P ಕೆಳಗಿನ P ಜೊತೆ ಹೊಡೆದುಹೋಗಿ ಉಳಿಯುವುದು ಸುಮಾರಾಗಿ 1/H ಮಾತ್ರ.

ಅಮೆರಿಕದ ಬೆಲ್ ಲ್ಯಾಬೊರೇಟರೀಸ್‌ನ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್‌ಗೆ 1927ರ ಆಗಸ್ಟ್ 2ರ ಬೆಳಗ್ಗೆ ಹೊಳೆದದ್ದು ಇದೇ. ಹಡ್ಸನ್ ನದಿ ದಾಟಿಸುವ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟವೊಂದರ ಮೇಲೆ ಅವರು ಚಿತ್ರ, ಸಮೀಕರಣ ಎರಡನ್ನೂ ಗೀಚಿಕೊಂಡರು. ದೂರದ ಟೆಲಿಫೋನ್ ಕರೆಗಳನ್ನು ದಾರಿಯುದ್ದಕ್ಕೂ ಆಂಪ್ಲಿಫೈಯರ್‌ಗಳು ಎತ್ತಿಕೊಂಡು ಸಾಗಿಸಬೇಕಿತ್ತು. ಅವುಗಳ ವ್ಯಾಕ್ಯೂಮ್ ಟ್ಯೂಬ್‌ಗಳ ಗೇನ್ ಒಂದೆಡೆ ನಿಲ್ಲುತ್ತಿರಲಿಲ್ಲ, ಧ್ವನಿಯೂ ಕೆಡುತ್ತಿತ್ತು. ಬ್ಲ್ಯಾಕ್ ಟ್ಯೂಬನ್ನು ತಿದ್ದುವ ಗೋಜು ಬಿಟ್ಟರು. ಅಗತ್ಯಕ್ಕಿಂತ ಬಹಳ ಹೆಚ್ಚು ಗೇನ್ ಇಟ್ಟುಕೊಂಡು, ಫಲಿತದ ಒಂದು ಅಂಶವನ್ನು ಸ್ಥಿರ ಬೆಲೆಯ ಬಿಡಿಭಾಗಗಳ ಮೂಲಕ ಹಿಂದಕ್ಕೆ ತಂದು ಕಳೆದರು. ಕಷ್ಟಪಟ್ಟು ಗಳಿಸಿದ ಗೇನನ್ನು ಬೇಕೆಂದೇ ಚೆಲ್ಲುವ ಈ ಯೋಚನೆ ಆಗಿನವರಿಗೆ ವಿಚಿತ್ರವೆನಿಸಿತು. 1928ರಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಗೆ ಮಂಜೂರಾತಿ ಸಿಕ್ಕಿದ್ದು 1937ರಲ್ಲಿ.

ಹಾಗಾದರೆ C ಅನ್ನು 4000ಕ್ಕೇರಿಸಿ ನೆಮ್ಮದಿಯಾಗಿರಬಹುದಲ್ಲ ಎಂದರೆ, ಆಗದು. ಈ ಸೂತ್ರಕ್ಕೆ ಕಾಲದ ಪರಿವೆಯಿಲ್ಲ. ಎಲ್ಲ ಪೆಟ್ಟಿಗೆಗಳೂ ತಕ್ಷಣ ಸ್ಪಂದಿಸುತ್ತವೆ ಎಂದು ಅದು ನಂಬಿದೆ. ನಿಜವಾದ ಮೋಟಾರು ವೇಗ ಹಿಡಿಯಲು ಸಮಯ ಬೇಕು, ಟ್ಯಾಕೊ ಸಂಕೇತವನ್ನು ಸೋಸುವ ಫಿಲ್ಟರಿಗೂ ಬೇಕು. ತಡವಾಗಿ ಬಂದ ವರದಿಯನ್ನು 4000 ಪಟ್ಟು ಹಿಗ್ಗಿಸಿದರೆ ಡ್ರೈವ್ ಒಮ್ಮೆ ಅತಿಯಾಗಿ ತಳ್ಳುತ್ತದೆ, ಮರುಕ್ಷಣ ಅತಿಯಾಗಿ ಬಿಡುತ್ತದೆ. ವೇಗ ಏರಿಳಿಯುತ್ತಲೇ ಇರುತ್ತದೆ. ಇದಕ್ಕೆ ಹಂಟಿಂಗ್ ಎನ್ನುತ್ತಾರೆ. ಗೇನನ್ನು ಎಲ್ಲಿಯವರೆಗೆ ಏರಿಸಬಹುದೆಂದು ಲೆಕ್ಕ ಹಾಕುವ ವಿಧಾನವನ್ನು ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಕೊಟ್ಟರು.

ಸೂತ್ರ ಮೌನವಾಗಿ ಮೋಸ ಮಾಡುವ ಇನ್ನೊಂದು ಸಂದರ್ಭ ಟ್ಯಾಕೊದ ಎರಡು ತಂತಿ ಅದಲುಬದಲಾದಾಗ. ಈಗ ವೃತ್ತ ಕಳೆಯುವುದಿಲ್ಲ, ಕೂಡುತ್ತದೆ. ಕೆಳಗಿನದು 1 − 20 ಆಗುತ್ತದೆ. 4000/(−19)ರ ಪ್ರಕಾರ ಮೋಟಾರು ಸುಮಾರು 1053 ಆರ್‌ಪಿಎಂನಲ್ಲಿ ಹಿಂದಕ್ಕೆ ಓಡಬೇಕು. ನಿಜದಲ್ಲಿ ವೇಗ ಏರಿದಷ್ಟೂ ವ್ಯತ್ಯಾಸ ಹಿಗ್ಗಿ, ಮೋಟಾರು ಮುಂದಕ್ಕೇ ಓಡಿ, 24 ವೋಲ್ಟ್ ಮುಗಿದು 2400ರಲ್ಲಿ ನಿಲ್ಲುತ್ತದೆ. ಬೀಜಗಣಿತಕ್ಕೆ ಸಿಕ್ಕಿದ್ದು ಸಮೀಕರಣಕ್ಕೆ ಹೊಂದುವ ಒಂದು ಬಿಂದು. ಯಂತ್ರ ಅಲ್ಲಿಗೆ ತಲುಪುತ್ತದೆಯೇ ಎಂದು ಅದು ಹೇಳುವುದಿಲ್ಲ. ತಂತಿ ತುಂಡಾದರೂ ಇದೇ ಗತಿ: ವರದಿ ಸೊನ್ನೆ, ವ್ಯತ್ಯಾಸ ಪೂರ್ತಿ 5 ವೋಲ್ಟ್, ಡ್ರೈವ್ 200 ವೋಲ್ಟ್ ಕೊಡಲು ಹೊರಟು 24ಕ್ಕೆ ತಲೆ ತಾಗಿಸಿಕೊಳ್ಳುತ್ತದೆ.

ಇವೆಲ್ಲ ಸದ್ದು ಮಾಡುವ ತೊಂದರೆಗಳು, ಯಾರಾದರೂ ಓಡಿ ಬಂದು ಸ್ವಿಚ್ ಆರಿಸುತ್ತಾರೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಸದ್ದಿಲ್ಲದ್ದು. ಟ್ಯಾಕೊದೊಳಗಿನ ಕಾಯಂ ಅಯಸ್ಕಾಂತ ಬಿಸಿಗೋ ವಯಸ್ಸಿಗೋ ದುರ್ಬಲವಾಗಿ H ಶೇ. 10ರಷ್ಟು ಇಳಿಯಿತು ಅನ್ನಿ: 0.005 ಇದ್ದದ್ದು 0.0045. ಲೂಪ್ ಗೇನ್ 18, ಒಟ್ಟು ಗೇನ್ 4000/19, ವೇಗ 1053. ಮೋಟಾರಿನ ಶೇ. 20ರ ದೋಷವನ್ನು ನುಂಗಿಕೊಂಡ ಲೂಪ್, ಸೆನ್ಸರಿನ ಶೇ. 10ರ ದೋಷವನ್ನು ಶೇ. 10.5 ಮಾಡಿ ಬೆಲ್ಟಿಗೆ ದಾಟಿಸಿದೆ. H ಇರುವುದು ಕೆಳಗೆ ಮಾತ್ರ, ಅದನ್ನು ಹೊಡೆದುಹಾಕಲು ಮೇಲೆ ಇನ್ನೊಂದು H ಇಲ್ಲ. C ಏರಿಸಿದರೂ ಪ್ರಯೋಜನವಿಲ್ಲ. ತಪ್ಪು ವರದಿಯನ್ನು ಲೂಪ್ ಇನ್ನಷ್ಟು ನಿಷ್ಠೆಯಿಂದ ಪಾಲಿಸುತ್ತದೆ.

ಪ್ಯಾನೆಲ್‌ನ ಮೀಟರ್ ನೋಡಿ ಇದನ್ನು ಕಂಡುಹಿಡಿಯುವಂತಿಲ್ಲ. ಮೀಟರಿಗೂ ಅದೇ ಟ್ಯಾಕೊದಿಂದ ಸಂಕೇತ ಹೋಗುತ್ತದೆ. ಶಾಫ್ಟ್ 1053ರಲ್ಲಿ ತಿರುಗುವಾಗ ಟ್ಯಾಕೊ ಕೊಡುವುದು 4.737 ವೋಲ್ಟ್, ಹಳೆಯ 0.005ರ ಲೆಕ್ಕ ನಂಬಿದ ಮೀಟರ್ 947 ಎಂದು ತೋರಿಸುತ್ತದೆ. ನಿನ್ನೆ 952 ಇತ್ತು, ಇವತ್ತು ಸ್ವಲ್ಪ ಇಳಿದಿದೆ ಎಂದುಕೊಂಡ ಆಪರೇಟರ್ ಆಜ್ಞೆಯನ್ನು ಕೊಂಚ ಏರಿಸುತ್ತಾನೆ, ಬೆಲ್ಟು ಇನ್ನೂ ಜೋರಾಗಿ ಓಡುತ್ತದೆ. ಕಂಡುಹಿಡಿಯಲು ಲೂಪಿಗೆ ಸೇರದ ಇನ್ನೊಂದು ಅಳತೆ ಬೇಕು: ಶಾಫ್ಟಿಗೆ ಹೊಳೆಯುವ ಪಟ್ಟಿ ಅಂಟಿಸಿ, ಕೈಯಲ್ಲಿ ಹಿಡಿಯುವ ಆಪ್ಟಿಕಲ್ ಟ್ಯಾಕೊಮೀಟರ್‌ನಿಂದ ಬೆಳಕು ಬಿಟ್ಟು ಸುತ್ತುಗಳನ್ನು ಎಣಿಸಬೇಕು. ಅದು 1053 ಎಂದು, ಪ್ಯಾನೆಲ್ 947 ಎಂದು ಹೇಳಿದರೆ, ಬಿಚ್ಚಬೇಕಾದದ್ದು ಮೋಟಾರನ್ನೂ ಅಲ್ಲ, ಡ್ರೈವನ್ನೂ ಅಲ್ಲ, ಹಿಂದೆ ಸಿಕ್ಕಿಸಿರುವ ಆ ಪುಟ್ಟ ಡೈನಮೊವನ್ನು.