ರೆಂಕೊ ಚಾರ್ಟ್: ಕಾಲವನ್ನು ಬಿಟ್ಟು ಬೆಲೆಯನ್ನಷ್ಟೇ ನೋಡುವ ನಕ್ಷೆ

ಜಪಾನಿನಲ್ಲಿ ಹುಟ್ಟಿದ ರೆಂಕೊ ಚಾರ್ಟ್ ಷೇರು ಬೆಲೆಯ ಏರಿಳಿತವನ್ನು ಒಂದೇ ಅಳತೆಯ ಇಟ್ಟಿಗೆಗಳಲ್ಲಿ ತೋರಿಸುತ್ತದೆ. ಬೆಲೆ ನಿಗದಿತ ಮೊತ್ತದಷ್ಟು ಚಲಿಸಿದಾಗ ಮಾತ್ರ ಹೊಸ ಇಟ್ಟಿಗೆ ಕೂರುತ್ತದೆ.

ಇಟ್ಟಿಗೆಯ ಅಳತೆ 10 ರೂಪಾಯಿ, ಆರಂಭದ ಬೆಲೆ 500 ಎಂದುಕೊಳ್ಳೋಣ. ದಿನದ ಮುಕ್ತಾಯದ ಬೆಲೆ 512 ಆದಾಗ 500ರಿಂದ 510ರವರೆಗೆ ಒಂದು ಇಟ್ಟಿಗೆ, 524 ಆದಾಗ 520ರವರೆಗೆ ಇನ್ನೊಂದು. ಮುಂದೆ ಬೆಲೆ 518ಕ್ಕೆ, 511ಕ್ಕೆ ಇಳಿದರೂ ಚಾರ್ಟ್ ಅಲುಗಾಡದು. ದಿಕ್ಕು ಬದಲಾಗಲು ಕೊನೆಯ ಇಟ್ಟಿಗೆಯ ತಳದಿಂದಲೂ 10 ರೂಪಾಯಿ ಇಳಿಯಬೇಕು. ಹಾಗಾಗಿ 499ರಲ್ಲಿ ಮುಗಿದ ದಿನವೇ 510ರಿಂದ 500ಕ್ಕಿಳಿಯುವ ಇಟ್ಟಿಗೆ ಬರುತ್ತದೆ.

ಅಳತೆ ಚಿಕ್ಕದಾದರೆ ಸಣ್ಣಪುಟ್ಟ ಅಲುಗಾಟಕ್ಕೂ ದಿಕ್ಕು ತಿರುಗುತ್ತದೆ. ದೊಡ್ಡದಾದರೆ ತಿರುವು ತಡವಾಗಿ ಕಾಣುತ್ತದೆ. ಅನೇಕರು 14 ದಿನಗಳ ಸರಾಸರಿ ಏರಿಳಿತದ ವ್ಯಾಪ್ತಿಯನ್ನು, ಅಂದರೆ ಎಟಿಆರ್ ಅನ್ನು, ಆಧಾರವಾಗಿಸಿಕೊಳ್ಳುತ್ತಾರೆ. ಆದರೆ ಎಟಿಆರ್ ಬದಲಾದಂತೆ ತಂತ್ರಾಂಶವು ಹಳೆಯ ಇಟ್ಟಿಗೆಗಳನ್ನೂ ಹೊಸದಾಗಿ ಬರೆಯಬಹುದು. ನಿನ್ನೆ ಕಂಡ ತಿರುವು ಇಂದು ಮಾಯವಾದರೆ ಕಾರಣ ಇದೇ. ಲೆಕ್ಕ ಹಾಕಿದ ಅಳತೆಯನ್ನು ಸ್ಥಿರವಾಗಿ ಇಟ್ಟುಕೊಳ್ಳುವುದೇ ಮೇಲು.

ಕಳೆದುಹೋಗುವುದು ಕಾಲ. ಒಂದು ಇಟ್ಟಿಗೆಗೆ ಮೂರು ವಾರ ಹಿಡಿದಿರಬಹುದು, ಒಂದೇ ದಿನ ನಾಲ್ಕು ಬಿದ್ದಿರಬಹುದು. ಅಗಲ ಮಾತ್ರ ಒಂದೇ. ಆದ್ದರಿಂದ ಏರಿಕೆ ಎಷ್ಟು ವೇಗವಾಗಿತ್ತು ಎಂಬುದು ಇಲ್ಲಿ ತಿಳಿಯದು. ಬೆಲೆ ಜಿಗಿದ ದಿನದ ಖಾಲಿ ಜಾಗವೂ ಇಟ್ಟಿಗೆಗಳಿಂದ ತುಂಬಿಹೋಗುತ್ತದೆ. ಆ ಬೆಲೆಗಳಲ್ಲಿ ವಹಿವಾಟೇ ನಡೆದಿರುವುದಿಲ್ಲ. ಹಳೆಯ ಚಾರ್ಟ್ ಮೇಲೆ ಲಾಭ ಲೆಕ್ಕ ಹಾಕುವವರು ಇಟ್ಟಿಗೆಯ ಅಂಚನ್ನಲ್ಲ, ಆ ದಿನದ ನಿಜವಾದ ಬೆಲೆಯನ್ನೇ ಹಿಡಿಯಬೇಕು.