ಜನನ ಪ್ರಮಾಣಪತ್ರದ ಪ್ರತಿ: ಅರ್ಜಿ ಯಾವ ಕಚೇರಿಗೆ, ಒಕ್ಕಣೆ ಹೇಗೆ?

ಸವಣೂರು ತಾಲ್ಲೂಕಿನ ಹತ್ತಿಮತ್ತೂರು ಮೂಲದ ಕುಟುಂಬವೊಂದರ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ ಎಂದು ಭಾವಿಸೋಣ. ವಿದೇಶಿ ವೀಸಾ ಅರ್ಜಿಗೆ ಆತನ ಜನನ ಪ್ರಮಾಣಪತ್ರ ಬೇಕಾಗಿದೆ. ಮನೆಯಲ್ಲಿದ್ದ ಹಳೆಯ ಪ್ರತಿ ಕಳೆದುಹೋಗಿದೆ. ಆಧಾರ್, ಪಾಸ್‌ಪೋರ್ಟ್, ಶಾಲೆಯ ವರ್ಗಾವಣೆ ಪತ್ರ ಎಲ್ಲದರಲ್ಲೂ ಹುಟ್ಟಿದ ದಿನಾಂಕ 1991ರ ಜೂನ್ 1 ಎಂದಿದೆ. ಆತ ಸವಣೂರು ಪುರಸಭೆಗೆ ಅರ್ಜಿ ಕಳುಹಿಸುತ್ತಾನೆ; ಅಂತಹ ನೋಂದಣಿ ದೊರೆಯುವುದಿಲ್ಲ ಎಂಬ ಉತ್ತರ ಬರುತ್ತದೆ. ಮೇಲ್ನೋಟಕ್ಕೆ ಇದು ಕಚೇರಿಯ ಉದಾಸೀನ ಎನಿಸಬಹುದು. ಆದರೆ ಇಂತಹ ಬಹುತೇಕ ಪ್ರಕರಣಗಳಲ್ಲಿ ತೊಡಕು ಇರುವುದು ಅರ್ಜಿಯಲ್ಲಿಯೇ. ಕಚೇರಿಯೂ ತಪ್ಪು, ದಿನಾಂಕವೂ ತಪ್ಪು.

ಮೊದಲು ಕಚೇರಿಯ ವಿಚಾರ. 1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ನೋಂದಣಿಯಾಗುವುದು ಜನನ ಸಂಭವಿಸಿದ ಸ್ಥಳದಲ್ಲಿ. ತಂದೆ ತಾಯಿಯ ವಾಸಸ್ಥಳದಲ್ಲಿ ಅಲ್ಲ. ಹತ್ತಿಮತ್ತೂರು ಗ್ರಾಮವಾದ್ದರಿಂದ ಅಲ್ಲಿ ಪುರಸಭೆಯೇ ಇಲ್ಲ. ಆ ಊರಿನ ಮನೆಯಲ್ಲಿಯೇ ಹೆರಿಗೆಯಾಗಿದ್ದರೆ ಅದನ್ನು ಬರೆದುಕೊಂಡವರು ಅಂದಿನ ಗ್ರಾಮ ಲೆಕ್ಕಿಗರು. ಆ ಹಳೆಯ ಪುಸ್ತಕಗಳನ್ನು ಹುಡುಕಬೇಕಾದದ್ದು ಸವಣೂರಿನ ತಹಶೀಲ್ದಾರರ ಕಚೇರಿಯ ದಾಖಲೆ ಕೊಠಡಿಯಲ್ಲಿ. ಸವಣೂರು ಪಟ್ಟಣದ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಮಾತ್ರ ಸವಣೂರು ಪುರಸಭೆ. ಕಷ್ಟದ ಹೆರಿಗೆಯೆಂದು ಹುಬ್ಬಳ್ಳಿಗೆ ಕರೆದೊಯ್ದಿದ್ದರೆ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ. ತಾಲ್ಲೂಕು ಒಂದೇ, ಮನೆತನ ಒಂದೇ. ಕಚೇರಿ ಮಾತ್ರ ಬೇರೆ ಬೇರೆ.

ಇದಕ್ಕಿಂತ ಹೆಚ್ಚಾಗಿ ಎಡವುವುದು ಬಾಣಂತನದ ವಿಚಾರದಲ್ಲಿ. ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕೆಂಬುದು ಈ ಭಾಗದ ರೂಢಿ. ತಾಯಿಯ ತವರು ಹಾನಗಲ್ಲ, ಶಿಗ್ಗಾವಿ ಅಥವಾ ಹಿರೇಕೆರೂರು ಕಡೆಯದಾದರೆ ಮಗುವಿನ ಹೆಸರೂ ಅಲ್ಲಿಯ ಪುಸ್ತಕದಲ್ಲಿಯೇ ಇರುತ್ತದೆ. ಮಗ ಬೆಳೆದದ್ದು ಹತ್ತಿಮತ್ತೂರಿನಲ್ಲಿ, ಶಾಲೆ ಕಲಿತದ್ದು ಅಲ್ಲಿಯೇ. ಆದ್ದರಿಂದ ಹುಟ್ಟಿದ ಊರೂ ಅದೇ ಎಂದು ಎಲ್ಲ ಕಾಗದಗಳಲ್ಲಿ ಬರೆಸಿಕೊಂಡಿರುತ್ತಾನೆ. ಮೇಲಿನ ಉದಾಹರಣೆಯಲ್ಲಿಯೂ ಸಂಗತಿ ಇಷ್ಟೇ. ತಾಯಿಯನ್ನು ಕೇಳಿದಾಗ ಹೆರಿಗೆ ಆದದ್ದು ಹಾನಗಲ್ಲ ಪಟ್ಟಣದ ಆಸ್ಪತ್ರೆಯಲ್ಲಿ ಎಂಬುದು ತಿಳಿಯುತ್ತದೆ. ಅರ್ಜಿ ಹೋಗಬೇಕಾದದ್ದು ಹಾನಗಲ್ಲ ಪುರಸಭೆಗೆ. ಅಂದಹಾಗೆ, 1997ಕ್ಕಿಂತ ಮೊದಲು ಈ ತಾಲ್ಲೂಕುಗಳೆಲ್ಲ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಳೆಯ ಪ್ರತಿಯಲ್ಲಿ ಧಾರವಾಡ ಜಿಲ್ಲೆ ಎಂದಿದ್ದರೆ ಅದು ತಪ್ಪಲ್ಲ.

ಎರಡನೆಯದು ದಿನಾಂಕ. ಶಾಲೆಗೆ ಸೇರಿಸುವಾಗ ವಯಸ್ಸು ಹೊಂದಿಸಲು ಗುರುಗಳು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದುದು ಹಳ್ಳಿಗಳಲ್ಲಿ ಯಾರಿಗೂ ಹೊಸ ವಿಷಯವಲ್ಲ. ನೋಂದಣಿ ಪುಸ್ತಕಕ್ಕೆ ಆ ದಿನಾಂಕದ ಅರಿವಿಲ್ಲ. ಅಲ್ಲದೆ ಆ ಪುಸ್ತಕದ ದಾಖಲೆಗಳು ನೋಂದಣಿಯಾದ ಕ್ರಮದಲ್ಲಿ ಇರುತ್ತವೆಯೇ ಹೊರತು ಹುಟ್ಟಿದ ದಿನದ ಕ್ರಮದಲ್ಲಿ ಅಲ್ಲ. ಆಸ್ಪತ್ರೆಯ ವರದಿ ಕೆಲವು ದಿನ ತಡವಾಗಿ ಬಂದಿದ್ದರೆ ದಾಖಲೆಯೂ ಅಷ್ಟು ಪುಟ ಮುಂದೆ ಹೋಗಿರುತ್ತದೆ. ಡಿಸೆಂಬರ್ ಕೊನೆಯ ಜನನ ಮುಂದಿನ ವರ್ಷದ ಪುಸ್ತಕದಲ್ಲಿ ಕುಳಿತಿರಬಹುದು. ಆದ್ದರಿಂದ ಒಂದೇ ದಿನಾಂಕವನ್ನು ಹಿಡಿದು ಕೇಳುವ ಬದಲು, ಶಾಲಾ ದಾಖಲೆಯ ದಿನಾಂಕ ಇಂತಹುದು, ಮನೆಯವರ ನೆನಪಿನಂತೆ ಜನನವು ಇಂತಹ ತಿಂಗಳಿನಿಂದ ಇಂತಹ ತಿಂಗಳೊಳಗೆ ಆಗಿರಬಹುದು ಎಂದು ಎರಡನ್ನೂ ಬರೆಯುವುದು ಸೂಕ್ತ. ನೆನಪಿಗೆ ಹಬ್ಬ, ಜಾತ್ರೆ, ಬಿತ್ತನೆಯ ಕಾಲವೇ ಆಧಾರವಾದರೂ ಸರಿ, ಅದನ್ನು ತಿಂಗಳಿಗೆ ಇಳಿಸಿಕೊಳ್ಳಬೇಕು. ಹುಡುಕಾಟದ ಶುಲ್ಕವನ್ನು ವರ್ಷದ ಲೆಕ್ಕದಲ್ಲಿ ಪಡೆಯುವುದರಿಂದ ಹತ್ತು ವರ್ಷಗಳ ಪುಸ್ತಕ ನೋಡಿ ಎನ್ನುವುದು ದುಬಾರಿಯೂ ಹೌದು, ನಿರರ್ಥಕವೂ ಹೌದು. ಎರಡು ವರ್ಷಗಳ ಮಿತಿ ಸಾಮಾನ್ಯವಾಗಿ ಸಾಕು.

ಹೆಸರಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಹೆರಿಗೆಯಾದ ಕೂಡಲೇ ವರದಿ ಹೋಗಿರುವುದರಿಂದ, ತೊಟ್ಟಿಲ ಕಾರ್ಯಕ್ಕೆ ಮುಂಚಿನ ಆ ದಾಖಲೆಯಲ್ಲಿ ಮಗುವಿನ ಹೆಸರಿನ ಅಂಕಣ ಖಾಲಿ ಇರುವುದು ಸಾಮಾನ್ಯ. ಸಿಬ್ಬಂದಿ ಹುಡುಕುವುದು ತಂದೆ ತಾಯಿಯ ಹೆಸರಿನಿಂದ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರೇ ಊರಿನ ಹೆಸರಾಗಿರುವುದುಂಟು. ಹತ್ತಿಮತ್ತೂರ ಎಂಬ ಅಡ್ಡಹೆಸರಿನವರ ಅರ್ಜಿಯಲ್ಲಿ ಯಾವುದು ಹೆಸರು, ಯಾವುದು ಊರು ಎಂಬುದು ಸ್ಪಷ್ಟವಾಗದಿದ್ದರೆ ಓದುವವರು ಗೊಂದಲಕ್ಕೆ ಬೀಳುತ್ತಾರೆ. ತಂದೆಯ ಹೆಸರು, ಅಜ್ಜನ ಹೆಸರು, ಅಡ್ಡಹೆಸರು ಮೂರನ್ನೂ ಬಿಡಿಸಿ ಬರೆಯಬೇಕು. ತಾಯಿಯ ಹೆಸರಿಗೆ ಮದುವೆಯಾದ ಮೇಲೆ ಬದಲಾಗಿದ್ದರೆ ತವರಿನ ಹೆಸರನ್ನೂ ಸೇರಿಸಬೇಕು.

ಉದ್ದೇಶದ ಬಗ್ಗೆ ಒಂದು ಮಾತು. ಅಧಿನಿಯಮದ 17ನೇ ಕಲಮು ನೋಂದಣಿಯನ್ನು ಹುಡುಕಿಸಿ ಪ್ರತಿ ಪಡೆಯುವ ಅವಕಾಶವನ್ನು ಯಾವುದೇ ವ್ಯಕ್ತಿಗೆ ನೀಡುತ್ತದೆ. ಮರಣದ ಪ್ರತಿಯಲ್ಲಿ ಮರಣದ ಕಾರಣವನ್ನು ತೋರಿಸಬಾರದೆಂಬುದು ಅದರ ನಿರ್ಬಂಧ. ಹೀಗಿರುವಾಗ ಉದ್ದೇಶವನ್ನು ಬರೆಯುವುದು ಹಕ್ಕನ್ನು ಸಾಬೀತುಪಡಿಸಲು ಅಲ್ಲ. ಎಷ್ಟು ಪ್ರತಿ, ಯಾವ ಭಾಷೆಯ ಹೆಸರಿಗೆ ಹೆಚ್ಚಿನ ಗಮನ ಎಂಬುದು ಸಿಬ್ಬಂದಿಗೆ ತಿಳಿಯಲಿ ಎಂದು. ಒಂದು ಸಾಲು ಸಾಕು. ಕಷ್ಟಸುಖದ ಕಥೆ ಬೇಡ. ಹಳೆಯ ಪುಸ್ತಕ ಕನ್ನಡದ ಕೈಬರಹದಲ್ಲಿದ್ದರೆ ಇಂಗ್ಲಿಷ್ ಕಾಗುಣಿತವನ್ನು ಗಣಕಕ್ಕೆ ಸೇರಿಸುವವರು ಊಹಿಸಬೇಕಾಗುತ್ತದೆ. ವೀಸಾ ಉದ್ದೇಶವಿದ್ದಲ್ಲಿ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನು ತೋರಿಸುವ ಪ್ರತಿಯೊಂದನ್ನು ಲಗತ್ತಿಸುವುದು ಇದಕ್ಕಾಗಿ.

ಅರ್ಜಿಯ ಒಕ್ಕಣೆ ಹೀಗಿರಬಹುದು:

"ಇವರಿಗೆ, ಜನನ ಮರಣ ನೋಂದಣಾಧಿಕಾರಿಗಳು, ಪುರಸಭೆ ಕಾರ್ಯಾಲಯ, ಹಾನಗಲ್ಲ, ಹಾವೇರಿ ಜಿಲ್ಲೆ.

ವಿಷಯ: ಜನನ ಪ್ರಮಾಣಪತ್ರದ ಎರಡು ಪ್ರತಿಗಳನ್ನು ನೀಡುವ ಕುರಿತು.

ಮಾನ್ಯರೇ,

ನನ್ನ ಜನನವು ಹಾನಗಲ್ಲ ಪಟ್ಟಣದ ........ ಆಸ್ಪತ್ರೆಯಲ್ಲಿ ಆಗಿರುತ್ತದೆ. ಶಾಲಾ ದಾಖಲೆಯಲ್ಲಿ ಜನ್ಮ ದಿನಾಂಕ 1-6-1991 ಎಂದಿದ್ದು, ನಿಜವಾದ ಜನನವು ಆಗಸ್ಟ್ 1990ರಿಂದ ಜನವರಿ 1991ರ ಅವಧಿಯಲ್ಲಿ ಆಗಿರಬಹುದೆಂದು ತಾಯಿಯವರು ತಿಳಿಸಿರುತ್ತಾರೆ. ತಂದೆಯ ಹೆಸರು ........, ಅಜ್ಜನ ಹೆಸರು ........, ಅಡ್ಡಹೆಸರು ........; ತಾಯಿಯ ಹೆಸರು ........, ತವರಿನ ಹೆಸರು ......... ಜನನದ ಕಾಲದಲ್ಲಿ ತಂದೆ ತಾಯಿಯ ಕಾಯಂ ವಿಳಾಸ ಹತ್ತಿಮತ್ತೂರು, ತಾಲ್ಲೂಕು ಸವಣೂರು. ನೋಂದಣಿ ಸಂಖ್ಯೆ ತಿಳಿದಿರುವುದಿಲ್ಲ.

ವಿದೇಶಿ ವೀಸಾ ಅರ್ಜಿಗೆ ಸಲ್ಲಿಸಬೇಕಾಗಿರುವುದರಿಂದ 1990 ಮತ್ತು 1991ನೇ ಸಾಲಿನ ಪುಸ್ತಕಗಳನ್ನು ಪರಿಶೀಲಿಸಿ ಪ್ರತಿಗಳನ್ನು ನೀಡಬೇಕೆಂದು ಕೋರುತ್ತೇನೆ. ನಿಗದಿತ ಶುಲ್ಕವನ್ನು ಪಾವತಿಸಲು ಸಿದ್ಧನಿದ್ದೇನೆ. ಗುರುತಿನ ಚೀಟಿ, ಪಾಸ್‌ಪೋರ್ಟ್ ಹಾಗೂ ಶಾಲಾ ವರ್ಗಾವಣೆ ಪತ್ರದ ನಕಲುಗಳನ್ನು ಲಗತ್ತಿಸಿದೆ.

ತಮ್ಮ ವಿಶ್ವಾಸಿ,"

ಸಹಿ, ವಿಳಾಸ, ದೂರವಾಣಿ ಸಂಖ್ಯೆ ಕೆಳಗೆ. ನೋಂದಣಿ ಸಂಖ್ಯೆ ಇರುವ ಹಳೆಯ ನಕಲೇನಾದರೂ ಟ್ರಂಕಿನ ತಳದಲ್ಲಿ ಸಿಕ್ಕಿದರೆ ಮೇಲಿನ ಅರ್ಧ ಒಕ್ಕಣೆಯೇ ಬೇಕಾಗುವುದಿಲ್ಲ. ಸಂಖ್ಯೆ ಮತ್ತು ವರ್ಷವನ್ನು ಬರೆದರೆ ಮುಗಿಯಿತು.

ಸಲ್ಲಿಸಿದ ಅರ್ಜಿಗೆ ಸ್ವೀಕೃತಿ ಪಡೆಯದೆ ಮರಳಬಾರದು. 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯಡಿ ಅರ್ಜಿಗೆ 15 ಅಂಕಿಗಳ ಸಂಖ್ಯೆಯುಳ್ಳ ಚೀಟಿ ದೊರೆಯುತ್ತದೆ. ಸೇವೆ ನೀಡಬೇಕಾದ ಕೊನೆಯ ದಿನ ಆ ಚೀಟಿಯಲ್ಲಿಯೇ ಇರುತ್ತದೆ. ಆ ದಿನಕ್ಕೆ ಮೊದಲು ವಿಚಾರಿಸಿ ಪ್ರಯೋಜನವಿಲ್ಲ. ದಿನ ಮೀರಿದ ಮೇಲೆ ಕಳುಹಿಸುವ ನೆನಪೋಲೆಯಲ್ಲಿ ದೂರಿನ ಧ್ವನಿಗಿಂತ ವಿವರ ಮುಖ್ಯ:

"ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ದಿನಾಂಕ ........ರಂದು ಸಲ್ಲಿಸಿದ ಅರ್ಜಿಯ (ಸಕಾಲ ಸಂಖ್ಯೆ ........) ವಿಲೇವಾರಿಯ ಅವಧಿ ದಿನಾಂಕ ........ಕ್ಕೆ ಮುಗಿದಿರುತ್ತದೆ. ಹೆಚ್ಚಿನ ಮಾಹಿತಿ ಅಥವಾ ದಾಖಲೆ ಬೇಕಿದ್ದಲ್ಲಿ ತಿಳಿಸಿದರೆ ಕೂಡಲೇ ಒದಗಿಸಲಾಗುವುದು. ಅರ್ಜಿಯ ಸದ್ಯದ ಹಂತವನ್ನು ದಯವಿಟ್ಟು ತಿಳಿಸಬೇಕೆಂದು ವಿನಂತಿ."

ಹೆಚ್ಚಿನ ಮಾಹಿತಿ ಬೇಕಿದ್ದಲ್ಲಿ ತಿಳಿಸಿ ಎಂಬ ಸಾಲು ಕೇವಲ ಸೌಜನ್ಯವಲ್ಲ. ದಾಖಲೆ ಸಿಗದೆ ಕಡತ ಮೇಜಿನ ಮೇಲೆ ಉಳಿದಿದ್ದರೆ, ಅದನ್ನು ಹೇಳಲು ಸಿಬ್ಬಂದಿಗೆ ಅದರಿಂದ ದಾರಿಯಾಗುತ್ತದೆ. ಇದಕ್ಕೂ ಉತ್ತರ ಬಾರದಿದ್ದಲ್ಲಿ ಸಕಾಲದಡಿ ಮೇಲ್ಮನವಿಗೆ ಅವಕಾಶವಿದೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚವನ್ನು ಆ ಕಾನೂನು ಗೊತ್ತುಪಡಿಸಿದೆ.

ನೋಂದಣಿ ಸಿಗಲೇ ಇಲ್ಲವಾದರೆ ಕಚೇರಿಯು ನಮೂನೆ 10ರಲ್ಲಿ ಅಲಭ್ಯ ಪ್ರಮಾಣಪತ್ರ ನೀಡುತ್ತದೆ. ಅವಸರ ಅಪಾಯಕಾರಿಯಾಗುವುದು ಇಲ್ಲಿ. ಉದಾಹರಣೆಯ ಯುವಕ ಸವಣೂರಿನಿಂದ ಈ ಅಲಭ್ಯ ಪತ್ರ ಪಡೆದು, ಅದರ ಆಧಾರದ ಮೇಲೆ ಅಲ್ಲಿಯೇ ವಿಳಂಬ ನೋಂದಣಿಗೆ ಮುಂದಾದನೆಂದುಕೊಳ್ಳಿ. ಒಂದು ವರ್ಷ ಮೀರಿದ ಜನನದ ನೋಂದಣಿಗೆ ಹಿಂದೆ ಪ್ರಥಮ ದರ್ಜೆ ದಂಡಾಧಿಕಾರಿಯ ಆದೇಶ ಬೇಕಿತ್ತು; 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ನೀಡಿದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಆದೇಶ ಸಿಕ್ಕರೂ ಒಂದೇ ಜನನ ಹಾನಗಲ್ಲಿನಲ್ಲಿ ಒಂದು ದಿನಾಂಕಕ್ಕೆ, ಸವಣೂರಿನಲ್ಲಿ ಜೂನ್ 1ಕ್ಕೆ, ಹೀಗೆ ಎರಡು ಕಡೆ ದಾಖಲಾಗಿಬಿಡುತ್ತದೆ. ಮುಂದೊಂದು ದಿನ ಎರಡೂ ಬೆಳಕಿಗೆ ಬಂದರೆ ವಿವರಣೆ ನೀಡಬೇಕಾದವನು ಆತನೇ. ಆದ್ದರಿಂದ ಅಲಭ್ಯ ಪತ್ರಕ್ಕೆ ಕೈ ಚಾಚುವ ಮೊದಲು ತವರಿನ ಊರು, ಹೆರಿಗೆಯ ಆಸ್ಪತ್ರೆ, ತಾಲ್ಲೂಕು ಕಚೇರಿ ಮೂರನ್ನೂ ವಿಚಾರಿಸಿ ಮುಗಿಸಿರಬೇಕು.

ಹಾನಗಲ್ಲಿನಲ್ಲಿ ದಾಖಲೆ ಸಿಕ್ಕಿತು, ದಿನಾಂಕ 1990ರ ನವೆಂಬರ್ ಎಂದು ಬಂತು ಎನ್ನೋಣ. ಪಾಸ್‌ಪೋರ್ಟಿನೊಂದಿಗೆ ಅದು ಹೊಂದುವುದಿಲ್ಲ. ಹೊಂದಲಿ ಎಂದು ಪುಸ್ತಕದ ದಿನಾಂಕವನ್ನು ಬದಲಿಸಿಕೊಡಿ ಎಂದು ಪುರಸಭೆಯನ್ನು ಕೇಳುವಂತಿಲ್ಲ. 15ನೇ ಕಲಮಿನಡಿ ತಿದ್ದುಪಡಿ ಸಾಧ್ಯವಿರುವುದು ನೋಂದಣಿಯೇ ತಪ್ಪಾಗಿದೆ ಎಂದು ನೋಂದಣಾಧಿಕಾರಿಗೆ ಮನವರಿಕೆಯಾದಾಗ ಮಾತ್ರ. ಆಗಲೂ ಮೂಲ ಬರಹವನ್ನು ಅಳಿಸದೆ ಅಂಚಿನಲ್ಲಿ ನಮೂದಿಸಲಾಗುತ್ತದೆ. ಸರಿಯಾಗಬೇಕಾದದ್ದು ಪಾಸ್‌ಪೋರ್ಟ್ ಮತ್ತು ಇತರ ಕಾಗದಗಳು. ಅದಕ್ಕೆ ಸಮಯ ಹಿಡಿಯುವುದರಿಂದ ವೀಸಾ ಸಂದರ್ಶನದ ದಿನ ಗೊತ್ತಾದ ಮೇಲೆ ಜನನ ಪ್ರಮಾಣಪತ್ರವನ್ನು ಹುಡುಕಲು ಹೊರಡುವುದು ತಡವೇ. ಹೆಸರಿನ ಅಂಕಣ ಖಾಲಿ ಇದ್ದರೆ ವಿಷಯ ಬೇರೆ: ಹೆಸರು ಸೇರಿಸಲು ನಿಯಮದಲ್ಲಿ 15 ವರ್ಷಗಳ ಮಿತಿಯಿದ್ದು, ಅದನ್ನು ಮೀರಿದವರು ಜಿಲ್ಲಾ ನೋಂದಣಾಧಿಕಾರಿಯಾಗಿರುವ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ.

ಪ್ರತಿ ಕೈಸೇರಿದಾಗ ಕೌಂಟರಿನಿಂದ ಹೊರಡುವ ಮೊದಲೇ ನೋಂದಣಿ ಸಂಖ್ಯೆ, ನೋಂದಣಿಯ ದಿನಾಂಕ, ತಂದೆ ತಾಯಿಯ ಹೆಸರಿನ ಕನ್ನಡ ಹಾಗೂ ಇಂಗ್ಲಿಷ್ ಕಾಗುಣಿತ, ಇಷ್ಟನ್ನು ಓದಿಕೊಳ್ಳಬೇಕು. ಗಣಕಕ್ಕೆ ಸೇರಿಸುವಾಗ ಬಿದ್ದ ಅಕ್ಷರದ ತಪ್ಪನ್ನು ಮೂಲ ಪುಸ್ತಕ ಮೇಜಿನ ಮೇಲೆ ತೆರೆದಿರುವಾಗಲೇ ಹೋಲಿಸಿ ಸರಿಪಡಿಸುವುದು ಸುಲಭ. ಅದು ಮತ್ತೆ ಕಪಾಟು ಸೇರಿದರೆ ಇನ್ನೊಂದು ಅರ್ಜಿ ಬರೆಯಬೇಕಾದೀತು.