ಹತ್ತು ಕೋಟಿಯಲ್ಲಿ ನಾಲ್ಕು: ವೋಲ್ಟ್‌ಮೀಟರ್ ಹೇಳುವ ಬೆಳ್ಳಿಯ ಲೆಕ್ಕ

ಸಿಲ್ವರ್ ನೈಟ್ರೇಟಿನ ತಿಳಿ ದ್ರಾವಣದೊಳಗೆ ತಾಮ್ರದ ತಂತಿಯ ಸುರುಳಿಯೊಂದನ್ನು ಇಳಿಬಿಡಿ. ಸ್ವಲ್ಪ ಹೊತ್ತಿಗೆ ತಂತಿಯ ಮೈ ಕಪ್ಪಾಗುತ್ತದೆ, ಆಮೇಲೆ ಅದರ ಮೇಲೆ ಬೆಳ್ಳಿಯ ಸಣ್ಣ ಸೂಜಿಗಳು ಮೂಡುತ್ತವೆ. ಬಣ್ಣವೇ ಇಲ್ಲದಿದ್ದ ನೀರು ನಿಧಾನವಾಗಿ ನೀಲಿಗೆ ತಿರುಗುತ್ತದೆ. ತಾಮ್ರದ ಒಂದೊಂದು ಪರಮಾಣುವೂ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗಿಳಿಯುತ್ತದೆ. ಆ ಎರಡನ್ನು ಎರಡು ಬೆಳ್ಳಿ ಅಯಾನುಗಳು ಪಡೆದು ಲೋಹವಾಗಿ ತಂತಿಗೆ ಅಂಟಿಕೊಳ್ಳುತ್ತವೆ.

Cu + 2Ag⁺ ⇌ Cu²⁺ + 2Ag

ಕೊಡುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ. ಎರಡೂ ಸೇರಿದರೆ ರೆಡಾಕ್ಸ್ ಕ್ರಿಯೆ. ಸೂಜಿಗಳು ಬೆಳೆಯುವುದು ನಿಂತ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ನೀರಿನಲ್ಲಿದ್ದ ಬೆಳ್ಳಿಯೆಲ್ಲ ಹೊರಗೆ ಬಂದಿತೇ, ಇಲ್ಲ ಒಂದಿಷ್ಟು ಒಳಗೇ ಉಳಿಯಿತೇ?

ಇದಕ್ಕೆ ಉತ್ತರ ಕೊಡುವುದು ಸಮತೋಲನ ಸ್ಥಿರಾಂಕ, ಅಂದರೆ K. ಕ್ರಿಯೆ ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೆಯುವ ಸ್ಥಿತಿ ತಲುಪಿದಾಗ, ತಾಮ್ರದ ಅಯಾನಿನ ಸಾರತೆಯನ್ನು ಬೆಳ್ಳಿ ಅಯಾನಿನ ಸಾರತೆಯ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಇಲ್ಲಿ K. ಘನರೂಪದ ತಾಮ್ರ, ಬೆಳ್ಳಿಗಳು ಈ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ಉಳಿದ ಬೆಳ್ಳಿ ಬ್ಯೂರೆಟ್ಟಿನ ಅಳತೆಗೆ ಸಿಗದಷ್ಟು ಕಡಿಮೆಯಿದ್ದರೆ K ತಿಳಿಯುವುದು ಹೇಗೆ? ದಾರಿ ಇದೆ. ಕ್ರಿಯೆಯನ್ನು ಕೊನೆಯವರೆಗೆ ಬಿಡದೆ, ಅದಕ್ಕೆ ಎಷ್ಟು ಒತ್ತಡವಿದೆ ಎಂಬುದನ್ನು ಶುರುವಿನಲ್ಲೇ ಅಳೆಯಬೇಕು.

ತಾಮ್ರದ ಪಟ್ಟಿಯನ್ನು ತಾಮ್ರದ ಲವಣದ ದ್ರಾವಣವಿರುವ ಒಂದು ಬೀಕರಿನಲ್ಲೂ ಬೆಳ್ಳಿಯ ತಂತಿಯನ್ನು ಸಿಲ್ವರ್ ನೈಟ್ರೇಟ್ ಇರುವ ಇನ್ನೊಂದರಲ್ಲೂ ಇಟ್ಟು, ನಡುವೆ ಲವಣ ಸೇತುವೆ ಹಾಕುತ್ತಾರೆ. ಈಗ ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕವೇ ಸಾಗಬೇಕು. ಆ ದಾರಿಯಲ್ಲಿ ವೋಲ್ಟ್‌ಮೀಟರ್ ಕೂರಿಸಿದರೆ ಒತ್ತಡ ಓದಲು ಸಿಗುತ್ತದೆ. ಸೇತುವೆಗೆ ಪೊಟ್ಯಾಸಿಯಮ್ ನೈಟ್ರೇಟ್ ಬೇಕು, ಪೊಟ್ಯಾಸಿಯಮ್ ಕ್ಲೋರೈಡ್ ಆಗದು. ಕ್ಲೋರೈಡ್ ತಾಗಿದ ಕಡೆ ಬೆಳ್ಳಿ ಬಿಳಿ ಗಸಿಯಾಗಿ ಕೂತುಬಿಡುತ್ತದೆ, ಅಳತೆ ಕೆಡುತ್ತದೆ. ಸೇತುವೆಯ ತುದಿಯಲ್ಲಿ ಹಾಲಿನಂಥ ಮಸುಕು ಕಂಡರೆ ತಪ್ಪು ಅಲ್ಲೇ ಆಗಿದೆ ಎಂದು ತಿಳಿಯಿರಿ.

ನಾವು ಅಳೆಯದಿದ್ದರೂ ಕೋಷ್ಟಕದಲ್ಲಿ ಬೆಲೆಗಳು ಸಿದ್ಧವಾಗಿವೆ. ಹೈಡ್ರೋಜನ್ನಿನ ಎಲೆಕ್ಟ್ರೋಡನ್ನು ಸೊನ್ನೆ ಎಂದಿಟ್ಟುಕೊಂಡರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳ್ಳಿಯ ಶಿಷ್ಟ ಎಲೆಕ್ಟ್ರೋಡ್ ವಿಭವ +0.80 ವೋಲ್ಟ್, ತಾಮ್ರದ್ದು +0.34 ವೋಲ್ಟ್. ಹೆಚ್ಚು ವಿಭವ ಇರುವುದು ಎಲೆಕ್ಟ್ರಾನ್ ಪಡೆಯುತ್ತದೆ, ಕಡಿಮೆ ಇರುವುದು ಕೊಡುತ್ತದೆ. ಪಡೆಯುವುದರಿಂದ ಕೊಡುವುದನ್ನು ಕಳೆದರೆ 0.46 ವೋಲ್ಟ್.

ಇಲ್ಲಿಂದ K ಕಡೆಗೆ ದಾರಿ ತೋರಿಸುವುದು ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ ಅವರ ಸಮೀಕರಣ. ಅದು ಹೇಳುವುದು ಇಷ್ಟು: ಉತ್ಪನ್ನಗಳಿಗೂ ಪ್ರತಿವರ್ತಕಗಳಿಗೂ ಇರುವ ಅನುಪಾತ ಹತ್ತು ಪಟ್ಟು ಹೆಚ್ಚಿದಾಗಲೆಲ್ಲ ಕೋಶದ ವೋಲ್ಟೇಜು 0.0591/n ವೋಲ್ಟಿನಷ್ಟು ಇಳಿಯುತ್ತದೆ. n ಎಂದರೆ ಕೈ ಬದಲಿಸುವ ಎಲೆಕ್ಟ್ರಾನುಗಳ ಸಂಖ್ಯೆ, ಇಲ್ಲಿ 2. ಹಾಗಾಗಿ ಒಂದೊಂದು ಮೆಟ್ಟಿಲಿನ ಎತ್ತರ 0.0295 ವೋಲ್ಟಿನ ಆಸುಪಾಸು. ಎರಡು ದ್ರಾವಣಗಳೂ 0.1 ಮೋಲಾರ್ ಇದ್ದಾಗ ಅನುಪಾತ ಹತ್ತಾಗುತ್ತದೆ. ಆಗ ಮೀಟರು 0.46ರ ಬದಲು 0.43 ತೋರಿಸುವುದು ದೋಷವಲ್ಲ, ಒಂದು ಮೆಟ್ಟಿಲು ಇಳಿದಿದ್ದೇವೆ ಅಷ್ಟೇ. ಹೀಗೆ ಇಳಿಯುತ್ತಾ ವೋಲ್ಟೇಜು ಸೊನ್ನೆ ಮುಟ್ಟಿದಾಗ ಒತ್ತಡ ಮುಗಿಯಿತು, ಸಮತೋಲನ ಬಂದಿತು. 0.46 ವೋಲ್ಟಿನಲ್ಲಿ ಇಂಥ ಮೆಟ್ಟಿಲುಗಳು ಎಷ್ಟಿವೆ ಎಂದು ಎಣಿಸುವುದೇ ಸೂತ್ರ:

log K = nE°/0.0591 = (2 × 0.46)/0.0591 ≈ 15.6

ಹದಿನೈದೂವರೆ ಮೆಟ್ಟಿಲು, ಒಂದೊಂದಕ್ಕೂ ಹತ್ತು ಪಟ್ಟು. K ಸುಮಾರು 3.7 × 10¹⁵.

ಈಗ ಮೊದಲ ಪ್ರಶ್ನೆಗೆ ಬರೋಣ. ಶುರುವಿನಲ್ಲಿ ಬೆಳ್ಳಿ 0.1 ಮೋಲಾರ್ ಇತ್ತು, ತಾಮ್ರ ಬೇಕಾದಷ್ಟಿತ್ತು ಎನ್ನಿ. ಹೆಚ್ಚುಕಡಿಮೆ ಎಲ್ಲ ಬೆಳ್ಳಿಯೂ ಹೊರಬಂದರೆ ನೀರಿಗಿಳಿದ ತಾಮ್ರ ಅದರ ಅರ್ಧ, 0.05 ಮೋಲಾರ್. ಇದನ್ನು K ಇಂದ ಭಾಗಿಸಿ ವರ್ಗಮೂಲ ತೆಗೆದರೆ ಉಳಿದ ಬೆಳ್ಳಿ 3.7 × 10⁻⁹ ಮೋಲಾರ್. ಹತ್ತು ಕೋಟಿ ಬೆಳ್ಳಿ ಅಯಾನುಗಳಲ್ಲಿ ಸುಮಾರು ನಾಲ್ಕು ಮಾತ್ರ ನೀರಿನಲ್ಲಿ ಉಳಿದವು. ಲೀಟರಿಗೆ 10.8 ಗ್ರಾಂ ಇದ್ದದ್ದು ಒಂದು ಮೈಕ್ರೋಗ್ರಾಮಿನ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು.

ದ್ವಿತೀಯ ಪಿಯುಸಿ ಓದಿದವರಿಗೆ ಈ ಲೆಕ್ಕ ಹೊಸದಲ್ಲ. ಆದರೆ ಇಲ್ಲಿ ಜಾರಿ ಬೀಳುವ ಜಾಗ ಒಂದಿದೆ. ಸಮೀಕರಣದಲ್ಲಿ ಬೆಳ್ಳಿ ಎರಡು ಸಲ ಬಂದಿದೆಯೆಂದು 0.80ನ್ನೂ ಎರಡರಿಂದ ಗುಣಿಸಿಬಿಡುತ್ತಾರೆ. ಆಗ ವ್ಯತ್ಯಾಸ 1.26 ವೋಲ್ಟ್ ಆಗಿ, log K 42 ದಾಟುತ್ತದೆ. ವಿಭವ ನೀರಿನ ಟ್ಯಾಂಕಿನ ಎತ್ತರದ ಹಾಗೆ. ಅದೇ ಎತ್ತರದಿಂದ ಒಂದು ಕೊಡ ನೀರು ಇಳಿಸಿದರೂ ಎರಡು ಕೊಡ ಇಳಿಸಿದರೂ ಎತ್ತರ ಬದಲಾಗದು. ಎಷ್ಟು ಕೊಡ ಎಂಬ ಲೆಕ್ಕವನ್ನು n ಒಂದೇ ನೋಡಿಕೊಳ್ಳುತ್ತದೆ.

ಉತ್ತರದ ಮೊದಲ ಅಂಕಿಗಳನ್ನು ಬಹಳ ನಂಬಬಾರದು ಎಂಬುದೂ ನೆನಪಿರಲಿ. 0.0591ರ ಬದಲು 0.059 ಬಳಸಿದರೆ ಅದೇ K 3.9 × 10¹⁵ ಆಗುತ್ತದೆ. ವೋಲ್ಟೇಜಿನಲ್ಲಿ 0.03ರಷ್ಟು ಎಡವಿದರೆ ಒಂದು ಮೆಟ್ಟಿಲೇ ತಪ್ಪಿ K ಹತ್ತು ಪಟ್ಟು ಆಚೀಚೆ ಆಗುತ್ತದೆ. ಇಲ್ಲಿ ನಂಬಬೇಕಾದದ್ದು ಘಾತವನ್ನು.

ಹಾಗಾದರೆ ಸೂತ್ರ ಸರಿಯೆಂದು ನೇರವಾಗಿ ನೋಡಲು ಸಾಧ್ಯವೇ? ಸಾಧ್ಯ, ಎರಡು ವಿಭವಗಳು ಹತ್ತಿರ ಹತ್ತಿರ ಇದ್ದರೆ. Fe³⁺/Fe²⁺ ಜೋಡಿಯ ವಿಭವ +0.77, ಬೆಳ್ಳಿಯದು +0.80.

Fe²⁺ + Ag⁺ ⇌ Fe³⁺ + Ag

ವ್ಯತ್ಯಾಸ ಬರೀ 0.03 ವೋಲ್ಟ್, n ಒಂದು. K ಸುಮಾರು 3.2. ಎರಡೂ ಅಯಾನುಗಳನ್ನು 0.1 ಮೋಲಾರ್ ಆಗುವಂತೆ ಬೆರೆಸಿದರೆ ಐದರಲ್ಲಿ ಒಂದು ಪಾಲು ಬೆಳ್ಳಿ ಮಾತ್ರ ಲೋಹವಾಗುತ್ತದೆ, ನಾಲ್ಕು ಪಾಲು ನೀರಿನಲ್ಲೇ ಉಳಿಯುತ್ತದೆ. ಇಷ್ಟನ್ನು ಅಳೆಯಬಹುದು. ಗಾಳಿಯ ಆಮ್ಲಜನಕ Fe²⁺ನ್ನು ಕೆಡಿಸದಂತೆ ಬಿರಡೆ ಬಿಗಿದು ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಸೋಸಿ, ಪೊಟ್ಯಾಸಿಯಮ್ ಥಯೋಸಯನೇಟ್ ಹನಿಸುತ್ತಾ ಹೋಗುತ್ತಾರೆ. ಅದು ಮೊದಲು ಬೆಳ್ಳಿಯನ್ನು ಬಿಳಿ ಗಸಿಯಾಗಿ ಹಿಡಿಯುತ್ತದೆ. ಬೆಳ್ಳಿ ಮುಗಿದ ಕೂಡಲೇ ಮುಂದಿನ ಹನಿ ಅಲ್ಲೇ ಇರುವ Fe³⁺ ಜೊತೆ ಸೇರಿ ರಕ್ತಗೆಂಪಾಗುತ್ತದೆ. ಕ್ರಿಯೆಯಲ್ಲಿ ಹುಟ್ಟಿದ ಕಬ್ಬಿಣವೇ ಬೆಳ್ಳಿ ಮುಗಿಯಿತೆಂದು ಸಾರುವ ಈ ಪ್ರಯೋಗ ನನಗೆ ಬಲು ಪ್ರಿಯ.

ಕೊನೆಗೊಂದು ಎಚ್ಚರಿಕೆ. K ಎಲ್ಲಿ ನಿಲ್ಲುತ್ತದೆಂದು ಹೇಳುತ್ತದೆ, ಎಷ್ಟು ಹೊತ್ತಿಗೆ ಎಂದು ಹೇಳುವುದಿಲ್ಲ. ಅಲ್ಯುಮಿನಿಯಂ ಮತ್ತು ತಾಮ್ರದ ಅಯಾನಿನ ಕ್ರಿಯೆಗೆ ವ್ಯತ್ಯಾಸ 2 ವೋಲ್ಟ್, n ಆರು, log K ಇನ್ನೂರು ದಾಟುತ್ತದೆ. ಆದರೂ ಅಲ್ಯುಮಿನಿಯಂ ಹಾಳೆಯನ್ನು ಮೈಲುತುತ್ತದ ನೀರಿನಲ್ಲಿ ಇಟ್ಟರೆ ಅದು ಬಹಳ ಹೊತ್ತು ಸುಮ್ಮನಿರುತ್ತದೆ, ಅದರ ಮೈಮೇಲಿನ ಆಕ್ಸೈಡಿನ ತೆಳು ಪದರ ಕಾಪಾಡುತ್ತದೆ. ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ನೋಡಿ, ಕ್ಲೋರೈಡು ಆ ಪದರವನ್ನು ಒಡೆದೊಡನೆ ಹಾಳೆಯ ಮೇಲೆ ಕೆಂಪು ತಾಮ್ರ ಕಾಣಿಸಿಕೊಳ್ಳುತ್ತದೆ. ಉಪ್ಪು K ಅನ್ನು ಬದಲಿಸಲಿಲ್ಲ, ಮುಚ್ಚಿದ್ದ ದಾರಿಯನ್ನು ತೆರೆಯಿತು.